ಹದಿಮೂರೂವರೆ ಗಂಟೆಯಲ್ಲಿ ದಿಲ್ಲಿ ತಲುಪಲು ಸಾಧ್ಯವೇ?

ಬೆಂಗಳೂರಿನಿಂದ ದಿಲ್ಲಿಗೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್‌ನ ಸಮಯವನ್ನು ಎಕ್ಸೆಲ್‌ಗೆ ಹಾಕಿ ಲೆಕ್ಕ ಮಾಡಿದರೆ 13 ಗಂಟೆ 40 ನಿಮಿಷ ಎಂದು ಬರುತ್ತಿದೆ, ಎಲ್ಲಿ ತಪ್ಪಿದೆ ಎಂದು ಓದುಗರೊಬ್ಬರು ಕೇಳಿದ್ದಾರೆ. ರೈಲಿನ ಸಮಯ ಆಗಾಗ ಬದಲಾಗುತ್ತದೆ. ಲೆಕ್ಕಕ್ಕೆ ಅವರು ಬರೆದದ್ದನ್ನೇ ಇಟ್ಟುಕೊಳ್ಳೋಣ: ಮೊದಲ ದಿನ 19:20ಕ್ಕೆ ಹೊರಟು, ಮೂರನೆಯ ದಿನ 9:00ಕ್ಕೆ ತಲುಪುತ್ತದೆ.

ಎಕ್ಸೆಲ್‌ಗೆ ಒಂದು ಇಡೀ ದಿನವೆಂದರೆ 1. ಮಧ್ಯಾಹ್ನ 12 ಗಂಟೆ 0.5, ಸಂಜೆ 6 ಗಂಟೆ 0.75. ಹೀಗಾಗಿ 9:00ರಿಂದ 19:20 ಕಳೆದರೆ ಉತ್ತರ ಸೊನ್ನೆಗಿಂತ ಕಡಿಮೆಯಾಗಿ, ಸಮಯದ ಜಾಗದಲ್ಲಿ ಬರೀ ##### ಕಾಣುತ್ತದೆ. ಇದಕ್ಕೆ ಎಲ್ಲರೂ ಹೇಳಿಕೊಡುವ ಉಪಾಯ `=MOD(E2-C2,1)`; ಇಲ್ಲಿ C2 ಹೊರಡುವ ಸಮಯ, E2 ತಲುಪುವ ಸಮಯ. ಒಂದೇ ರಾತ್ರಿಯ ಹುಬ್ಬಳ್ಳಿ, ಬೆಳಗಾವಿ ರೈಲುಗಳಿಗೆ ಇದು ಸಾಕು. ಆದರೆ MOD ಪೂರ್ಣ ದಿನಗಳನ್ನು ಎಸೆದು ಉಳಿಕೆಯನ್ನು ಮಾತ್ರ ಕೊಡುತ್ತದೆ. ಗೋಡೆ ಗಡಿಯಾರದ ಮುಳ್ಳು ಎಷ್ಟು ಸುತ್ತು ಬಂತೆಂದು ಮುಖ ನೋಡಿದರೆ ತಿಳಿಯದಲ್ಲ, ಹಾಗೆಯೇ ಇದು. ಎರಡು ರಾತ್ರಿ ಕಳೆಯುವ ರೈಲಿಗೆ ವೇಳಾಪಟ್ಟಿಯ ದಿನದ ಅಂಕಣವನ್ನೂ ಕೂಡಿಸಲೇಬೇಕು. B, Cಯಲ್ಲಿ ಹೊರಡುವ ದಿನ ಮತ್ತು ಸಮಯ, D, Eಯಲ್ಲಿ ತಲುಪುವ ದಿನ ಮತ್ತು ಸಮಯ ಇದ್ದರೆ:

```
=(D2+E2)-(B2+C2)
```

3.375ರಿಂದ 1.8056 ಕಳೆದರೆ 1.5694 ದಿನ. ಆದರೂ ಪರದೆಯಲ್ಲಿ ಮತ್ತೆ 13:40 ಕಾಣಬಹುದು! ಉತ್ತರ ಸರಿಯೇ ಇದೆ. `h:mm` ಎಂಬ ನಮೂನೆಯು 24 ಗಂಟೆ ತುಂಬಿದ್ದನ್ನು ತೋರಿಸುವುದಿಲ್ಲ, ಅಷ್ಟೆ. ನಮೂನೆಯನ್ನು `[h]:mm` ಎಂದು ಬದಲಿಸಿದೊಡನೆ 37:40 ಬರುತ್ತದೆ. ಈ ಲೆಕ್ಕದಲ್ಲಿ ನನಗೆ ಅತ್ಯಂತ ಅಪಾಯಕಾರಿ ಎನಿಸುವುದು ಇದೇ: ತಪ್ಪು ಸೂತ್ರವೂ ತಪ್ಪು ನಮೂನೆಯೂ ಒಂದೇ ಉತ್ತರ ಕೊಡುತ್ತವೆ. ಒಂದನ್ನು ಇನ್ನೊಂದರಿಂದ ತಾಳೆ ನೋಡಿದವರು ಎರಡೂ ಕೂಡಿಬಂತೆಂದು ನಂಬಿಬಿಡುತ್ತಾರೆ.

ದಿನದ ಅಂಕಣದಲ್ಲೂ ಒಂದು ತೊಡಕಿದೆ. ಅಲ್ಲಿರುವ ಸಂಖ್ಯೆ ರೈಲು ಹೊರಟ ಊರಿನಿಂದ ಎಣಿಸಿದ್ದು, ನೀವು ಹತ್ತಿದ ಊರಿನಿಂದಲ್ಲ. ಈ ರೈಲು ನಸುಕಿನಲ್ಲಿ ಕಲಬುರಗಿಗೆ ಬರುವಾಗ ಅದಕ್ಕೆ ಎರಡನೆಯ ದಿನ. ಅಲ್ಲಿ ಹತ್ತುವವರು B ಅಂಕಣದಲ್ಲಿ 2 ಎಂದೇ ಬರೆಯಬೇಕು; ‘ನನಗೆ ಇದು ಮೊದಲ ದಿನ’ ಎಂದು 1 ಹಾಕಿದರೆ ಒಂದು ಇಡೀ ದಿನ ಹೆಚ್ಚಾಗುತ್ತದೆ. ಟಿಕೆಟ್‌ನಲ್ಲಿ ಮಾತ್ರ ಅವರು ಹತ್ತುವ ದಿನಾಂಕವೇ ಇರಬೇಕು. ರಾತ್ರಿ 12 ದಾಟಿ ಐದು ನಿಮಿಷಕ್ಕೆ ಬರುವ ರೈಲಿಗೆ 15ನೇ ತಾರೀಖಿನ ಟಿಕೆಟ್ ಇದ್ದರೆ, 14ರ ರಾತ್ರಿಯೇ ಊಟ ಮುಗಿಸಿ ನಿಲ್ದಾಣಕ್ಕೆ ಹೋಗಬೇಕು.

ಕೊನೆಗೆ ದೂರವನ್ನು ಅವಧಿಯಿಂದ ಭಾಗಿಸಿ ನೋಡಿ. ಈ ಹಾದಿ ಸುಮಾರು 2,400 ಕಿಲೋಮೀಟರ್. 37:40ಕ್ಕೆ ಸರಾಸರಿ ವೇಗ ಗಂಟೆಗೆ ಸುಮಾರು 64 ಕಿ.ಮೀ. ಆಗುತ್ತದೆ, ಎಕ್ಸ್‌ಪ್ರೆಸ್ ರೈಲಿಗೆ ಹೊಂದುವ ವೇಗ. 13:40 ನಿಜವಾಗಿದ್ದರೆ ಸರಾಸರಿಯೇ 175 ದಾಟಬೇಕಿತ್ತು. ವಂದೇ ಭಾರತ್‌ಗೂ ಹಳಿಯ ಮೇಲೆ ಈಗಿರುವ ಗರಿಷ್ಠ ಮಿತಿ 160.