ಈ ಬೆಲೆಗೆ ನಿನ್ನ ಪಾಲು ಕೊಡ್ತೀಯಾ?

ಅಪ್ಪನ ವರ್ಷಾಬ್ದಿಕ ಮುಗಿದಿರುತ್ತದೆ. ಬಂದ ನೆಂಟರು ಹೊರಟು, ಮನೆಮಕ್ಕಳಷ್ಟೇ ಉಳಿದು, ಎಲೆ ಅಡಿಕೆಯ ತಟ್ಟೆ ನಡುವೆ ಬಂದ ಹೊತ್ತಿಗೆ ಆ ಮಾತು ಹೊರಬೀಳುತ್ತದೆ: "ಈ ಫ್ಲ್ಯಾಟನ್ನ ನಾನೇ ಇಟ್ಕೋತೀನಿ. ನಿಮ್ಮಿಬ್ಬರ ಪಾಲಿನ ದುಡ್ಡು ಕೊಟ್ಟುಬಿಡ್ತೀನಿ."

ಹೊಲವಾದರೆ ಬದು ಹಾಕಿ ಹಂಚಬಹುದು. ಹಳೆಯ ಕಾಲದ ದೊಡ್ಡ ಮನೆಯಾದರೆ ನಡುವೆ ಗೋಡೆ ಎಬ್ಬಿಸಬಹುದು. ಎರಡು ಕೋಣೆಯ ಫ್ಲ್ಯಾಟಿಗೆ ಇವೆರಡೂ ಆಗದು. ಮೂವರೂ ಸೇರಿ ಹೊರಗಿನವರಿಗೆ ಮಾರಬೇಕು, ಇಲ್ಲವೇ ಒಬ್ಬರು ಉಳಿದವರ ಪಾಲನ್ನು ಕೊಳ್ಳಬೇಕು. ಎರಡನೆಯ ದಾರಿ ಹಿಡಿದವರು ಜಗಳವಾಡುವುದು ಹೆಚ್ಚಾಗಿ ಬೆಲೆಯ ಬಗ್ಗೆ. ಮುಗ್ಗರಿಸುವುದು ಮಾತ್ರ ಬೆಲೆ ಒಪ್ಪಿಯಾದ ಮೇಲೆ, ಕಾಗದದ ಹಂತದಲ್ಲಿ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಬೆಂಗಳೂರಿನ ಜಯನಗರದಲ್ಲಿ ಅಪ್ಪ 1998ರಲ್ಲಿ ಕೊಂಡ ಫ್ಲ್ಯಾಟು. ಅಮ್ಮ ಮೊದಲೇ ಹೋಗಿದ್ದಾರೆ, ಅಪ್ಪ ಉಯಿಲು ಬರೆದಿಲ್ಲ. ಮಕ್ಕಳು ಮೂವರು. ಅಕ್ಕ ಮೈಸೂರಿನಲ್ಲಿದ್ದಾಳೆ. ನಡುವಿನವನು ಅದೇ ಫ್ಲ್ಯಾಟಿನಲ್ಲಿ ಸಂಸಾರ ಮಾಡಿಕೊಂಡಿದ್ದಾನೆ, ಅಪ್ಪನ ಕೊನೆಯ ವರ್ಷಗಳನ್ನು ನೋಡಿಕೊಂಡವನೂ ಅವನೇ. ಕಿರಿಯವನು ಅಮೆರಿಕದಲ್ಲಿದ್ದಾನೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಮೂವರಿಗೂ ಮೂರನೇ ಒಂದೊಂದು ಪಾಲು. ಮದುವೆಯಾದ ಅಕ್ಕನಿಗೂ ಅಷ್ಟೇ. ಕುಟುಂಬದವರು ವಾಸವಿರುವ ಮನೆಯಲ್ಲಿ ಪಾಲು ಮಾಡಿಕೊಡಿ ಎಂದು ಹೆಣ್ಣುಮಕ್ಕಳು ತಾವಾಗಿ ಕೇಳುವಂತಿಲ್ಲ ಎಂಬ ಹಳೆಯ ಕಲಮನ್ನು 2005ರ ತಿದ್ದುಪಡಿ ತೆಗೆದುಹಾಕಿದೆ. ಸೊಸೈಟಿಯ ಕಡತದಲ್ಲಿ ನಾಮಿನಿ ಎಂದು ನಡುವಿನವನ ಹೆಸರಿದ್ದರೂ ಅದರಿಂದ ಅವನ ಪಾಲು ಹೆಚ್ಚುವುದಿಲ್ಲ. ನಾಮಿನಿ ಮಾಲೀಕನಲ್ಲ.

ನಡುವಿನವನು ಮೊದಲು ಹೇಳಿದ ಬೆಲೆ ತಲಾ 28 ಲಕ್ಷ. ಸರ್ಕಾರದ ಮಾರ್ಗಸೂಚಿ ದರದಲ್ಲಿ ಫ್ಲ್ಯಾಟು 84 ಲಕ್ಷ ಆಗುತ್ತದೆ, ಅದನ್ನು ಮೂರು ಭಾಗ ಮಾಡಿದ್ದಾನೆ. ಅಕ್ಕನಿಗೆ ಮೇಲಿನ ಮಹಡಿಯ ಮನೆ 1 ಕೋಟಿ 30 ಲಕ್ಷಕ್ಕೆ ಹೋದದ್ದು ಗೊತ್ತು. ಅವಳ ಲೆಕ್ಕದಲ್ಲಿ ತಲಾ 43 ಲಕ್ಷ ಬರಬೇಕು. ಇಬ್ಬರ ಬಳಿಯೂ ಒಂದೊಂದು ಅಂಕಿ ಇದೆ, ಎರಡೂ ಪೂರ್ತಿ ಸರಿಯಲ್ಲ. ಮಾರ್ಗಸೂಚಿ ದರವನ್ನು ಸರ್ಕಾರ ನಿಗದಿ ಮಾಡುವುದು ಮುದ್ರಾಂಕ ಶುಲ್ಕ ಎಣಿಸಲು, ಅದು ಪೇಟೆಯ ಬೆಲೆಯಲ್ಲ. ಮೇಲಿನ ಮನೆಯವರು ಹೊಸ ಅಡುಗೆಮನೆ, ಹೊಸ ನೆಲ ಮಾಡಿಸಿ ಮಾರಿದ್ದಾರೆ. ಈ ಮನೆಯಲ್ಲಿ ಇರುವುದು ಅಪ್ಪನ ಕಾಲದ ಮೊಸಾಯಿಕ್ಕು.

ಇಂಥಲ್ಲಿ ಬ್ಯಾಂಕುಗಳಿಗೆ ಮೌಲ್ಯಮಾಪನ ಮಾಡಿಕೊಡುವ ನೋಂದಾಯಿತ ಮೌಲ್ಯಮಾಪಕರು ನೆರವಾಗುತ್ತಾರೆ. ಕೊಳ್ಳುವವನ ಕಡೆಯಿಂದ ಒಬ್ಬರು, ಕೊಡುವವರ ಕಡೆಯಿಂದ ಒಬ್ಬರು ಬಂದು ನೋಡಲಿ, ಎರಡರ ಸರಾಸರಿಯನ್ನು ಒಪ್ಪುತ್ತೇವೆ ಎಂದು ವರದಿ ಬರುವ ಮೊದಲೇ ಮೂವರೂ ಬರೆದಿಟ್ಟುಕೊಳ್ಳಬೇಕು. ಅಂಕಿ ಕೈಗೆ ಬಂದ ಮೇಲೆ ಯಾರಿಗೂ ಸರಾಸರಿ ರುಚಿಸುವುದಿಲ್ಲ. ನಮ್ಮ ಉದಾಹರಣೆಯಲ್ಲಿ ಒಬ್ಬರು 1 ಕೋಟಿ 16 ಲಕ್ಷ, ಇನ್ನೊಬ್ಬರು 1 ಕೋಟಿ 24 ಲಕ್ಷ ಎಂದರು. ಸರಾಸರಿ 1 ಕೋಟಿ 20 ಲಕ್ಷ.

ಆದರೆ ಇದಕ್ಕೂ ಮೊದಲು ಅಕ್ಕ ಒಂದು ಪ್ರಶ್ನೆ ಕೇಳಿದ್ದಳು: "28 ಲಕ್ಷ ಸರಿಯಾದ ಬೆಲೆ ಅಂತೀಯಲ್ಲ, ಇದೇ ಬೆಲೆಗೆ ನೀನು ನಿನ್ನ ಪಾಲು ನನಗೆ ಕೊಡ್ತೀಯಾ?" ನಡುವಿನವನು ಉತ್ತರ ಕೊಡಲಿಲ್ಲ. ಪಾಲು ಮಾಡುವವನು ಒಬ್ಬ, ಮೊದಲು ಆರಿಸಿಕೊಳ್ಳುವವನು ಇನ್ನೊಬ್ಬ ಎಂಬ ಹಳ್ಳಿಯ ಪಂಚಾಯಿತಿಕೆಯ ಜಾಣತನವೇ ಈ ಪ್ರಶ್ನೆಯಲ್ಲಿದೆ. ತಾನೇ ಆ ಬೆಲೆಗೆ ಬಿಟ್ಟುಕೊಡಬೇಕಾಗಬಹುದು ಎಂಬ ಭಯವಿದ್ದವನು ಕಡಿಮೆ ಹೇಳುವುದಿಲ್ಲ. ಪ್ರಶ್ನೆಗೆ ಒಂದು ಮಿತಿಯೂ ಇದೆ. ಕೊಳ್ಳುವ ಶಕ್ತಿ ಒಬ್ಬನಿಗೇ ಇದ್ದು ಉಳಿದವರಿಗೆ ಇಲ್ಲದಿದ್ದರೆ ಅದು ಬರಿಯ ಬೆದರಿಕೆ. ಆಗ ಮೌಲ್ಯಮಾಪಕರ ಅಂಕಿಯೇ ಗತಿ.

ಬೆಲೆಯ ಹಿಂದೆಯೇ ಹಳೆಯ ಲೆಕ್ಕಗಳು ಎದ್ದು ಬರುತ್ತವೆ. ಅಪ್ಪ ಹೋದ ಮೇಲೆ ಸೊಸೈಟಿಗೆ ಲಿಫ್ಟ್ ಬದಲಿಸಲು ಮತ್ತು ಬಣ್ಣ ಬಳಿಸಲು ಕಟ್ಟಿದ ಹಣ, ಆಸ್ತಿ ತೆರಿಗೆ, ಎಲ್ಲ ಸೇರಿ 3 ಲಕ್ಷ ನಡುವಿನವನ ಕೈಯಿಂದ ಹೋಗಿದೆ. ಇದು ಆಸ್ತಿಯನ್ನು ಉಳಿಸಿದ ಖರ್ಚು, ಮೂವರಿಗೂ ಸೇರಿದ್ದು. ತಿಂಗಳ ಮೇಂಟೆನೆನ್ಸ್ ಹಾಗಲ್ಲ. ನೀರು, ಕಾವಲು, ಲಿಫ್ಟು ಬಳಸಿದವನು ಅವನು, ಅದು ಅವನದೇ. "ಇಷ್ಟು ವರ್ಷ ಬಾಡಿಗೆ ಇಲ್ಲದೆ ಇದ್ದೆಯಲ್ಲ" ಎಂಬ ಮಾತೂ ಬರುತ್ತದೆ. ಸಹಮಾಲೀಕ ತನ್ನದೇ ಮನೆಯಲ್ಲಿ ವಾಸವಿದ್ದ ಮಾತ್ರಕ್ಕೆ ಉಳಿದವರಿಗೆ ಬಾಡಿಗೆ ಕೊಡಬೇಕೆಂದು ಸಾಮಾನ್ಯವಾಗಿ ಕಾನೂನು ಹೇಳುವುದಿಲ್ಲ. ಅವರನ್ನು ಒಳಗೆ ಬಿಡದೆ ಹೊರಗಿಟ್ಟಿದ್ದರೆ ಮಾತು ಬೇರೆ. ಅಪ್ಪನ ಆಸ್ಪತ್ರೆ ಖರ್ಚು ಫ್ಲ್ಯಾಟಿನ ಲೆಕ್ಕವೇ ಅಲ್ಲ. ಅದನ್ನು ಹಂಚಿಕೊಳ್ಳುವುದಾದರೆ ಬೇರೆ ಚೀಟಿಯಲ್ಲಿ ಹಂಚಿಕೊಳ್ಳಲಿ. ಒಂದೇ ಚೀಟಿಗೆ ಸೇರಿಸಿದರೆ ಪ್ರತಿ ರೂಪಾಯಿಯ ಹಿಂದೆಯೂ ಯಾರು ಅಪ್ಪನನ್ನು ಎಷ್ಟು ನೋಡಿಕೊಂಡರು ಎಂಬ ಪ್ರಶ್ನೆ ನಿಂತುಬಿಡುತ್ತದೆ.

ಹೀಗೆ ಒಂದೊಂದು ಪಾಲು 40 ಲಕ್ಷ. ಅದರಲ್ಲಿ ಸಮಾನ ಖರ್ಚಿನ ತಲಾ 1 ಲಕ್ಷ ಕಳೆದರೆ 39 ಲಕ್ಷ. ನಡುವಿನವನು ಇಬ್ಬರಿಗೂ ಸೇರಿ 78 ಲಕ್ಷ ಹೊಂದಿಸಬೇಕು. 28ರಿಂದ 39ಕ್ಕೆ ಬಂದದ್ದರಲ್ಲಿ ಯಾರೂ ಯಾರಿಗೂ ಸೋತಿಲ್ಲ. ಯಾವ ಅಂಕಿ ಎಲ್ಲಿಂದ ಬಂತು ಎಂಬುದು ಮೂವರಿಗೂ ಕಾಣುತ್ತಿದೆ.

ಇನ್ನು ಕಾಗದ. ಸಹಮಾಲೀಕರು ಒಬ್ಬರಿಗೊಬ್ಬರು ಪಾಲು ಬಿಟ್ಟುಕೊಡಲು ನಮ್ಮಲ್ಲಿ ಬಳಸುವುದು ಹಕ್ಕು ಖುಲಾಸೆ ಪತ್ರ, ಕಚೇರಿಯ ಬಾಯಲ್ಲಿ ರಿಲೀಸ್ ಡೀಡ್. ಹೊರಗಿನವರಿಗೆ ಕ್ರಯಪತ್ರ ಮಾಡಿದರೆ ಕರ್ನಾಟಕದಲ್ಲಿ 45 ಲಕ್ಷ ಮೀರಿದ ಆಸ್ತಿಗೆ ಶೇಕಡಾ 5 ಮುದ್ರಾಂಕ ಶುಲ್ಕ, ಅದರ ಮೇಲೆ ಸೆಸ್ಸು, ಸರ್ಚಾರ್ಜು, ನೋಂದಣಿ ಶುಲ್ಕ. ಒಡಹುಟ್ಟಿದವರ ನಡುವಿನ ಖುಲಾಸೆ ಪತ್ರಕ್ಕೆ ಶೇಕಡಾವಾರು ಇಲ್ಲ, ಸಾವಿರಗಳಲ್ಲಿ ಎಣಿಸುವ ನಿಗದಿತ ಮೊತ್ತವಷ್ಟೇ. ಹಾಗೆಂದು ಮೊದಲೇ ಬ್ಯಾಂಕನ್ನು ವಿಚಾರಿಸದೆ ಮುಂದೆ ಹೋಗಬಾರದು. 78 ಲಕ್ಷಕ್ಕೆ ಗೃಹಸಾಲ ಬೇಕಿದ್ದರೆ, ಕ್ರಯಪತ್ರವಿಲ್ಲದೆ ಸಾಲ ಕೊಡಲು ಹಿಂಜರಿಯುವ ಬ್ಯಾಂಕುಗಳಿವೆ. ಶುಲ್ಕ ಉಳಿಸಲು ಹೋಗಿ ಸಾಲ ತಪ್ಪಿಸಿಕೊಂಡರೆ ಏನು ಬಂತು?

ಪತ್ರದಲ್ಲಿ ಮೂರು ಕಡೆ ಎಡವುತ್ತಾರೆ. ಮೊದಲನೆಯದು "ಪ್ರೀತಿ ವಿಶ್ವಾಸದಿಂದ ಬಿಟ್ಟುಕೊಟ್ಟಿದ್ದೇನೆ" ಎಂದು ಬರೆದು, ಹಣವನ್ನು ಪತ್ರದ ಹೊರಗೆ ಕೊಡುವುದು. ಸಹಿ ಬಿದ್ದು ನೋಂದಣಿಯಾದ ಮೇಲೆ ಹಣ ಬಾರದಿದ್ದರೆ ಅಕ್ಕನ ಕೈಯಲ್ಲಿ ಏನೂ ಇರುವುದಿಲ್ಲ, ಅವಳೇ ಪ್ರೀತಿಯಿಂದ ಕೊಟ್ಟೆ ಎಂದು ಬರೆದುಕೊಟ್ಟಿದ್ದಾಳೆ. ನಗದಾಗಿ ಕೊಟ್ಟರೆ ಇನ್ನೊಂದು ಕುತ್ತು: ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕೂ ಹೆಚ್ಚು ನಗದು ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. 39 ಲಕ್ಷ ಎಂದೇ ಬರೆಯಬೇಕು, ಡಿ.ಡಿ. ಅಥವಾ ಬ್ಯಾಂಕ್ ವರ್ಗಾವಣೆಯ ಸಂಖ್ಯೆ ಪತ್ರದಲ್ಲಿರಬೇಕು, ಸಹಿಯ ದಿನವೇ ಹಣ ಕೈ ಸೇರಬೇಕು. ಎರಡನೆಯದು ಯಾರ ಪರವಾಗಿ ಬಿಟ್ಟಿದ್ದು ಎಂದು ಹೆಸರಿಸದಿರುವುದು. "ನನ್ನ ಹಕ್ಕು ಬಿಟ್ಟಿದ್ದೇನೆ" ಎಂದಷ್ಟೇ ಇದ್ದರೆ ಅಕ್ಕನ ಪಾಲು ಉಳಿದ ಇಬ್ಬರಿಗೂ ಸೇರಿತು ಎಂಬ ವಾದಕ್ಕೆ ದಾರಿಯಾಗುತ್ತದೆ. ಮೂರನೆಯದು ನೋಂದಣಿ ಮಾಡಿಸದೆ ಬರಿಯ ಛಾಪಾ ಕಾಗದದ ಮೇಲೆ ಬರೆದಿಟ್ಟುಕೊಳ್ಳುವುದು. ಅಂಥ ಕಾಗದದಿಂದ ಮನೆಯ ಹಕ್ಕು ಕೈ ಬದಲಿಸುವುದಿಲ್ಲ.

ಅಮೆರಿಕದ ತಮ್ಮ ಬರಲಾಗದಿದ್ದರೆ ಈ ಫ್ಲ್ಯಾಟಿಗೆ ಮಾತ್ರ ಸೀಮಿತವಾದ ಅಧಿಕಾರ ಪತ್ರ ಕಳಿಸಬೇಕು. ಅಲ್ಲಿನ ಭಾರತೀಯ ದೂತಾವಾಸದ ಮುಂದೆ ಸಹಿ ಮಾಡಿ ಕಳಿಸಿದ್ದಕ್ಕೆ ಇಲ್ಲಿ ತಲುಪಿದ 3 ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಪಾಲು ಕೊಳ್ಳುವವನ ಹೆಸರಿಗೇ ಆ ಅಧಿಕಾರ ಕೊಡದಿರುವುದು ಒಳ್ಳೆಯದು. ಕೊಡುವವನೂ ಕೊಳ್ಳುವವನೂ ಒಬ್ಬನೇ ಆದ ಪತ್ರ ಮುಂದೆ ಯಾರ ಕಣ್ಣಿಗೂ ಅನುಮಾನವೇ.

ತೆರಿಗೆಯ ವಿಚಾರದಲ್ಲಿ ಅಣ್ಣತಮ್ಮಂದಿರ ವ್ಯವಹಾರಕ್ಕೆ ಇಲಾಖೆಯೇನು ಕೇಳುತ್ತದೆ ಎಂಬ ಭಾವನೆ ಇದೆ. ಕೇಳುತ್ತದೆ. ಹಣ ಪಡೆದು ಪಾಲು ಬಿಟ್ಟರೆ ಅದು ಆಸ್ತಿ ಮಾರಿದಂತೆಯೇ, ಬಂದ ಲಾಭಕ್ಕೆ ತೆರಿಗೆ ಇದೆ. ಅಪ್ಪ ಕೊಂಡ ಬೆಲೆಯೇ ಮಕ್ಕಳ ಅಸಲು. 2001ಕ್ಕೆ ಮೊದಲು ಕೊಂಡದ್ದಾದ್ದರಿಂದ ಆ ವರ್ಷದ ಏಪ್ರಿಲ್ 1ರ ಬೆಲೆಯನ್ನು ಹಿಡಿಯಬಹುದು. ಆಗ ಫ್ಲ್ಯಾಟು 12 ಲಕ್ಷ ಬಾಳುತ್ತಿತ್ತು ಎಂದುಕೊಂಡರೆ ಒಂದು ಪಾಲಿಗೆ 4 ಲಕ್ಷ. 39ರಲ್ಲಿ ಅದನ್ನು ಕಳೆದರೆ ಲಾಭ 35 ಲಕ್ಷ, ಶೇಕಡಾ 12.5ರಂತೆ ತೆರಿಗೆ 4,37,500 ರೂಪಾಯಿ, ಅದರ ಮೇಲೆ ಸೆಸ್ಸು. ಆ ಲಾಭವನ್ನು ಇನ್ನೊಂದು ಮನೆಗೆ ಹಾಕಿದರೆ ವಿನಾಯಿತಿ ಸಿಗುತ್ತದೆ.

ಕೊಳ್ಳುವವನಿಗೂ ಇಲ್ಲೊಂದು ಹೊಣೆಯಿದೆ. ವ್ಯವಹಾರ 50 ಲಕ್ಷ ಮುಟ್ಟಿದರೆ ಇಲ್ಲಿ ವಾಸವಿರುವವರಿಗೆ ಕೊಡುವ ಹಣದಲ್ಲಿ ಶೇಕಡಾ 1 ಹಿಡಿದು ಸರ್ಕಾರಕ್ಕೆ ಕಟ್ಟಬೇಕು. 2024ರ ಅಕ್ಟೋಬರ್‌ನಿಂದ ಈ ಮಿತಿಯನ್ನು ಎಲ್ಲರ ಪಾಲು ಕೂಡಿಸಿಯೇ ಎಣಿಸುತ್ತಾರೆ. ಅನಿವಾಸಿ ತಮ್ಮನ ವಿಷಯದಲ್ಲಿ ಮಿತಿಯೇ ಇಲ್ಲ, ದರವೂ ಶೇಕಡಾ 12.5 ಮತ್ತು ಸೆಸ್ಸು. ಅಸಲು ಕಳೆದು ಲಾಭದ ಮೇಲಷ್ಟೇ ಹಿಡಿಯಬೇಕಾದರೆ ತಮ್ಮ ಮೊದಲೇ ಇಲಾಖೆಯಿಂದ ಪ್ರಮಾಣಪತ್ರ ತರಿಸಿಕೊಳ್ಳಬೇಕು. "ನನ್ನ ತಮ್ಮನೇ ತಾನೇ" ಎಂದು ಹಿಡಿಯದೆ ಪೂರ್ತಿ ಕೊಟ್ಟರೆ ನೋಟಿಸು ಬರುವುದು ಕೊಟ್ಟವನಿಗೆ.

ಒಪ್ಪಂದವಾಗದೆ ಹೋದರೆ? ಅಕ್ಕ ತನ್ನ ಮೂರನೇ ಒಂದು ಪಾಲನ್ನು ಹೊರಗಿನವರಿಗೆ ಮಾರುತ್ತೇನೆ ಎನ್ನಬಹುದು. ಆದರೆ ಅಂಥ ಪಾಲನ್ನು ಒಳ್ಳೆಯ ಬೆಲೆಗೆ ಕೊಳ್ಳುವವರು ಸಿಗುವುದು ಕಷ್ಟ. ವಾಸದ ಮನೆಯಲ್ಲಿ ಪಾಲು ಕೊಂಡ ಹೊರಗಿನವನಿಗೆ ಕುಟುಂಬದ ಜೊತೆ ಒಳಗಿರುವ ಹಕ್ಕು ಇಲ್ಲ. ಅಲ್ಲದೆ ಅಪ್ಪನಿಂದ ಬಂದ ಪಾಲನ್ನು ಮಾರಲು ಹೊರಟಾಗ ಅದನ್ನು ಕೊಳ್ಳುವ ಮೊದಲ ಹಕ್ಕು ಉಳಿದ ಮಕ್ಕಳದು, ಉತ್ತರಾಧಿಕಾರ ಕಾಯ್ದೆಯ 22ನೇ ಕಲಮು ಹಾಗೆ ಹೇಳುತ್ತದೆ. ಕೊನೆಗೆ ಉಳಿಯುವುದು ಪಾಲು ವಿಭಾಗದ ದಾವೆ. ಅಲ್ಲಿ 1893ರ ಪಾರ್ಟಿಷನ್ ಆಕ್ಟ್ ಇಂದಿಗೂ ನಡೆಯುತ್ತಿದೆ. ಹಂಚಲಾಗದ ಆಸ್ತಿಯನ್ನು ಮಾರಿಬಿಡಿ ಎಂದು ಅರ್ಧ ಅಥವಾ ಅದಕ್ಕೂ ಹೆಚ್ಚು ಪಾಲಿನವರು ಕೇಳಬಹುದು. ಆಗ ಉಳಿದ ಪಾಲುದಾರ, ಮೌಲ್ಯ ಕಟ್ಟಿಸಿ, ಅವರ ಪಾಲನ್ನು ನಾನೇ ಕೊಳ್ಳುತ್ತೇನೆ ಎನ್ನಬಹುದು.

ಅಂದರೆ ವರ್ಷಗಟ್ಟಲೆ ಕಟಕಟೆ ಸುತ್ತಿದ ಮೇಲೆ ನ್ಯಾಯಾಲಯ ಮಾಡಿಸುವುದೂ ಇದನ್ನೇ: ಒಬ್ಬ ಮೌಲ್ಯಮಾಪಕ, ಒಂದು ಅಂಕಿ, ಕೊಳ್ಳುತ್ತೀಯಾ ಎಂಬ ಪ್ರಶ್ನೆ. ಅಕ್ಕ ಅದನ್ನು ಎಲೆ ಅಡಿಕೆಯ ತಟ್ಟೆಯ ಮುಂದೆಯೇ ಕೇಳಿದ್ದಳು.