ಎಳನೀರಿನ ಬೆಲೆ ಹತ್ತು ರೂಪಾಯಿ ಏರಿದರೆ

ಎಳನೀರು ಗಾಡಿಯವನೊಬ್ಬ ಬೆಲೆಯನ್ನು 40 ರೂಪಾಯಿಯಿಂದ 50ಕ್ಕೆ ಏರಿಸಿದ ಎಂದಿಟ್ಟುಕೊಳ್ಳಿ. ದಿನಕ್ಕೆ 120 ಕಾಯಿ ಹೋಗುತ್ತಿದ್ದ ಕಡೆ ಈಗ 80 ಹೋಗುತ್ತವೆ. ಬೇಡಿಕೆಯ ಶೇಕಡಾ ಬದಲಾವಣೆಯನ್ನು ಬೆಲೆಯ ಶೇಕಡಾ ಬದಲಾವಣೆಯಿಂದ ಭಾಗಿಸಿದರೆ ಸಿಗುವುದೇ ಬೇಡಿಕೆಯ ಬೆಲೆ ಸ್ಥಿತಿಸ್ಥಾಪಕತ್ವ.

ಶೇಕಡಾವನ್ನು ಹಳೆಯ ಬೆಲೆಯ ಮೇಲೆ ತೆಗೆದರೆ ಒಂದು ಉತ್ತರ, ಹೊಸದರ ಮೇಲೆ ತೆಗೆದರೆ ಇನ್ನೊಂದು. ಅದಕ್ಕೇ ಎರಡರ ಸರಾಸರಿ ಹಿಡಿಯುವುದು ವಾಸಿ. ಕಾಯಿಗಳಲ್ಲಿ 40 ÷ 100, ಅಂದರೆ ಶೇ. 40 ಇಳಿಕೆ, ಬೆಲೆಯಲ್ಲಿ 10 ÷ 45, ಅಂದರೆ ಸುಮಾರು ಶೇ. 22.2 ಏರಿಕೆ. ಋಣ ಚಿಹ್ನೆ ಬಿಟ್ಟರೆ ಉತ್ತರ 1.8. ಒಂದಕ್ಕಿಂತ ಹೆಚ್ಚು ಬಂದಿದ್ದರಿಂದ ಗಲ್ಲಾ ಸೊರಗಿತು: 4,800 ರೂಪಾಯಿ ಇದ್ದದ್ದು 4,000 ಆಯಿತು.

ಈಗ ನಕ್ಷೆ. ಬೆಲೆ ಲಂಬ ಅಕ್ಷದಲ್ಲಿ, ಕಾಯಿಗಳ ಸಂಖ್ಯೆ ಅಡ್ಡ ಅಕ್ಷದಲ್ಲಿ. ಎರಡು ಬಿಂದುಗಳನ್ನು ಸೇರಿಸಿದ ಗೆರೆಯನ್ನು ನೇರವಾಗಿ ಕೆಳಕ್ಕೆಳೆದರೆ 30 ರೂಪಾಯಿಗೆ 160 ಕಾಯಿ, 20ಕ್ಕೆ 200. ಅಲ್ಲಿ 20ರಿಂದ 30ಕ್ಕೆ ಏರಿಸಿದರೂ ಕಡಿಮೆಯಾಗುವುದು ಅದೇ 40 ಕಾಯಿ, ಆದರೆ ಸ್ಥಿತಿಸ್ಥಾಪಕತ್ವ ಬರೀ 0.56, ಗಲ್ಲಾ 4,000ದಿಂದ 4,800ಕ್ಕೆ ಏರುತ್ತದೆ. ಗೆರೆಯ ಇಳಿಜಾರನ್ನೇ ಸ್ಥಿತಿಸ್ಥಾಪಕತ್ವ ಎಂದು ಬರೆದು ವಿದ್ಯಾರ್ಥಿಗಳು ಅಂಕ ಕಳೆದುಕೊಳ್ಳುವುದು ಇಲ್ಲೇ. ಇದೇ ಗೆರೆಯಲ್ಲಿ ಅದು ಸರಿಯಾಗಿ 1 ಆಗುವುದು 35 ರೂಪಾಯಿಯಲ್ಲಿ. ಆಗ 140 ಕಾಯಿ ಹೋಗಿ, ಗರಿಷ್ಠ 4,900 ರೂಪಾಯಿ ಬರುತ್ತದೆ.