ರಕ್ತದಲ್ಲಿ ಮದ್ಯ: ಗೆರೆ ನೇರವಿದ್ದರೆ ಸಾಕೇ?

ಕುಡಿದು ವಾಹನ ಓಡಿಸಿದವರ ರಕ್ತವನ್ನು ಗ್ಯಾಸ್ ಕ್ರೊಮ್ಯಾಟೋಗ್ರಾಫ್‌ನಲ್ಲಿ ಪರೀಕ್ಷಿಸುವ ಮುನ್ನ ಅದಕ್ಕೆ ಅಳತೆ ಮಾಡಿದ ಎನ್-ಪ್ರೊಪನಾಲ್ ಬೆರೆಸುತ್ತಾರೆ. ಒಳಹೋದ ಆವಿ ತುಸು ಹೆಚ್ಚುಕಮ್ಮಿಯಾದರೂ ಎಥನಾಲ್, ಪ್ರೊಪನಾಲ್ ಎರಡರ ಶಿಖರಗಳೂ ಒಟ್ಟಿಗೇ ಹಿಗ್ಗಿ ಕುಗ್ಗುತ್ತವೆ. ಅನುಪಾತ ಅಷ್ಟಾಗಿ ಕದಲುವುದಿಲ್ಲ. ಪ್ರೊಪನಾಲನ್ನೇ ತಪ್ಪಾಗಿ ಅಳೆದರೆ ಮಾತ್ರ ಈ ರಕ್ಷಣೆಯಿಲ್ಲ.

100 ಮಿ.ಲೀ.ಗೆ 10ರಿಂದ 300 ಮಿ.ಗ್ರಾಂ. ಎಥನಾಲ್ ಇರುವ ದ್ರಾವಣಗಳ ಅನುಪಾತಗಳಿಂದ ಗೆರೆ ಎಳೆದಾಗ ಹೊಂದಾಣಿಕೆ 0.999 ಬಂತು ಎನ್ನಿ. ಹಿಗ್ಗಬೇಡಿ, ಆ ಸಂಖ್ಯೆಯನ್ನು ಆಳುವುದು ಮೇಲಿನ ಬಿಂದುಗಳು. ಪ್ರತಿ ದ್ರಾವಣವನ್ನೂ ಗೆರೆಯಿಂದ ಮರಳಿ ಲೆಕ್ಕ ಹಾಕಿ: 300 ಇದ್ದದ್ದು 302 ಬಂದೀತು, 10 ಇದ್ದದ್ದು 14! ಭಾರತದ ಕಾನೂನಿನ ಮಿತಿಯಾದ 30 ಇರುವುದು ಈ ಕೆಳತುದಿಯ ಹತ್ತಿರವೇ. ವ್ಯತ್ಯಾಸಗಳು ಎರಡೂ ತುದಿಗಳಲ್ಲಿ ಮೇಲಕ್ಕೆ, ನಡುವೆ ಕೆಳಕ್ಕೆ ವಾಲಿದ್ದರೆ ಸ್ಪಂದನೆಯೇ ಬಾಗಿದೆ. ವ್ಯಾಪ್ತಿಯನ್ನು ಕಿರಿದುಮಾಡಿ ಹೊಸ ಗೆರೆ ಎಳೆಯಬೇಕು.